ವ್ಯಾಲೆಟ್‌ನಲ್ಲಿ ದುಡ್ಡಿದೆ, ಕಳಿಸೋಕೆ ಆಗ್ತಿಲ್ಲ: ಪೂರ್ತಿ ಕೆವೈಸಿ ಮಾಡಿದವರು ಅನುಭವ ಹೇಳಿ

ಚಿಂತಾಮಣಿ ಟೈಲರ್: ವ್ಯಾಲೆಟ್‌ನಲ್ಲಿ 9,400 ರೂಪಾಯಿ ಇದೆ. ತುಮಕೂರಿನಲ್ಲಿ ಓದ್ತಿರೋ ಮಗನ ಖಾತೆಗೆ ಕಳಿಸೋಕೆ ಹೋದರೆ ‘ಕೆವೈಸಿ ಪೂರ್ತಿ ಮಾಡಿ’ ಅಂತ ಬರುತ್ತೆ. ಹೊಸದಾಗಿ ದುಡ್ಡು ಹಾಕೋಕೂ ಬಿಡ್ತಿಲ್ಲ. ಪೂರ್ತಿ ಮಾಡಿದರೆ ಏನು ಬದಲಾಗುತ್ತೆ? ಮಾಡಿದವರು ಹೇಳಿ.

ಕೋಲಾರ ಮಂಡಿ: ನಾನು ಇವತ್ತಿಗೂ ಪೂರ್ತಿ ಮಾಡಿಲ್ಲ, ಮಾಡೋದೂ ಇಲ್ಲ. ಟೊಮೆಟೊ ಸೀಸನ್‌ನಲ್ಲಿ ಡೀಸೆಲ್, ಊಟ, ರೀಚಾರ್ಜ್, ಎಲ್ಲಾ ಇದರಲ್ಲೇ ಕಟ್ತೀನಿ. ಹಿಂದೆ ಒಂದು ಕಡೆ ಆಧಾರ್ ಜೆರಾಕ್ಸ್ ಕೊಟ್ಟು ಆರು ತಿಂಗಳು ಸಾಲದ ಫೋನ್ ಕರೆಗಳಿಂದ ನರಳಿದ್ದೀನಿ. 10,000ಕ್ಕಿಂತ ಜಾಸ್ತಿ ಇಟ್ಕೊಳ್ಳೋ ಹಾಗಿಲ್ಲ, ಅಷ್ಟೇ. ಖರ್ಚು ಮಾಡಿ ಖಾಲಿ ಮಾಡಿ, ಮತ್ತೆ ತುಂಬಿ. ಅಂಗಡಿಯಲ್ಲಿ ಸಾಮಾನು ತಗೊಳ್ಳಿ, ದುಡ್ಡು ಎಲ್ಲಿಗೂ ಹೋಗಲ್ಲ.

ತಿಪಟೂರು ತೋಟ: ಖಾಲಿ ಮಾಡಿ ಮತ್ತೆ ತುಂಬಿ ಅನ್ನೋ ಮಾತು ನಂಬಿ ನಾನು ಕೆಟ್ಟೆ. ತಿಂಗಳ 2ನೇ ತಾರೀಖು 10,000 ಹಾಕಿದ್ದೆ. ಬೋರ್‌ವೆಲ್ ಮೋಟರ್ ಸುಟ್ಟಿತು, ರೀವೈಂಡಿಂಗ್‌ಗೆ 5,800, ಕೇಬಲ್‌ಗೆ 1,400, ಒಟ್ಟು 7,200 ವ್ಯಾಲೆಟ್‌ನಿಂದಲೇ ಕೊಟ್ಟೆ. ಉಳಿದದ್ದು 2,800. 18ನೇ ತಾರೀಖು ಪೈಪ್ ಒಡೆಯಿತು. ಬ್ಯಾಲೆನ್ಸ್ ಕಮ್ಮಿ ಇದೆಯಲ್ಲ, ಇನ್ನು 5,000 ಹಾಕೋಣ ಅಂದ್ಕೊಂಡೆ. ಮೂರು ಸಲ ಹಾಕಿದರೂ ಫೇಲ್. ಕಸ್ಟಮರ್ ಕೇರ್ ಹುಡುಗಿ ಹೇಳಿದ ಮೇಲೆ ಗೊತ್ತಾಯಿತು. ಇಟ್ಕೊಳ್ಳೋಕೆ ಮಾತ್ರ ಅಲ್ಲ, ಒಂದು ತಿಂಗಳಲ್ಲಿ ಹಾಕೋದಕ್ಕೂ 10,000 ಮಿತಿ, ನನ್ನಂಥ ನಗದು ತುಂಬಿಸೋ ವ್ಯಾಲೆಟ್‌ಗೆ ಖರ್ಚು ಮಾಡೋದಕ್ಕೂ 10,000. ಹಾಕೋದಕ್ಕೆ ವರ್ಷಕ್ಕೆ 1,20,000. ನನ್ನ ತಿಂಗಳ ಕೋಟಾ 2ನೇ ತಾರೀಖೇ ಮುಗಿದಿತ್ತು. ಆ 12 ದಿನ ಪಕ್ಕದ ತೋಟದವರ ಹತ್ತಿರ ನೀರು ಬೇಡಿಕೊಂಡು ಎಳೆ ಸಸಿ ಉಳಿಸಿದ್ದು. ಅದನ್ನ ಮರೆಯೋಕೆ ಆಗಲ್ಲ.

ಕೋಲಾರ ಮಂಡಿ: ನನಗೆ ಒಂದು ಸಲಾನೂ ಫೇಲ್ ಆಗಿಲ್ಲ ಸ್ವಾಮಿ.

ತಿಪಟೂರು ತೋಟ: ತಿಂಗಳಿಗೆ ಹತ್ತು ಸಾವಿರ ದಾಟಿ ಹಾಕಿಲ್ಲ, ಅದಕ್ಕೇ ಆಗಿಲ್ಲ. ಗೊತ್ತಿಲ್ಲದೇ ಬೇರೆಯವರಿಗೆ ಹೇಳಬೇಡಿ.

ಗೌರಿಬಿದನೂರು ಮೇಷ್ಟ್ರು: ನಾನು ವಿಡಿಯೋ ಕಾಲ್‌ನಲ್ಲಿ ಪೂರ್ತಿ ಮಾಡಿಸಿದೆ, ಮಾಡಿಸಿದ್ದು ಒಳ್ಳೆಯದೇ ಆಯಿತು. ಆದರೆ ಸುಲಭ ಆಗಲಿಲ್ಲ. ಮೊದಲ ಸಲ ನೆಟ್‌ವರ್ಕ್ ಕಟ್. ಎರಡನೇ ಸಲ ಪ್ಯಾನ್ ಕಾರ್ಡನ್ನ ಕ್ಯಾಮೆರಾ ಮುಂದೆ ಹಿಡಿದೆ. ಟ್ಯೂಬ್‌ಲೈಟ್ ಬೆಳಕು ಬಿದ್ದು ಫೋಟೊ ಬೆಳ್ಳಗೆ ಕಾಣಿಸ್ತು, ಆ ಕಡೆಯವರು ‘ವಾಲಿಸಿ ಸಾರ್, ಇನ್ನೂ ವಾಲಿಸಿ’ ಅಂತಿದ್ದರು. ಆಮೇಲೆ ಹೆಸರಿನ ತಕರಾರು. ಆಧಾರ್‌ನಲ್ಲಿ ಇನಿಷಿಯಲ್ ಒಂದೇ ಅಕ್ಷರ, ಪ್ಯಾನ್‌ನಲ್ಲಿ ಅಪ್ಪನ ಹೆಸರು ಪೂರ್ತಿ. ತಿರಸ್ಕಾರ. ಆಧಾರ್ ತಿದ್ದಿಸಿಕೊಂಡು ಮೂರನೇ ಸಲಕ್ಕೆ ಆಯಿತು. ಈಗ 2 ಲಕ್ಷದವರೆಗೆ ಇಟ್ಕೊಳ್ಳಬಹುದು.

ಆದರೆ ಮಾರನೇ ದಿನವೇ ತಮ್ಮನಿಗೆ 18,000 ಕಳಿಸಲು ಹೋದರೆ ಹೋಗಲಿಲ್ಲ! ಪೂರ್ತಿ ಕೆವೈಸಿ ಆಗಿದ್ದರೂ, ಮೊದಲೇ ನೋಂದಾಯಿಸದ ಜನರಿಗೆ ತಿಂಗಳಿಗೆ ಒಟ್ಟು 10,000 ಮಾತ್ರ. ತಮ್ಮನ ಖಾತೆ ನಂಬರ್, ಐಎಫ್‌ಎಸ್‌ಸಿ ಹಾಕಿ ಅವನನ್ನ ನೋಂದಾಯಿಸಿದ ಮೇಲೆ ಹೋಯಿತು. ಹಾಗೆ ಸೇರಿಸಿದವರಿಗೆ ಒಬ್ಬೊಬ್ಬರಿಗೆ ತಿಂಗಳಿಗೆ 2 ಲಕ್ಷದವರೆಗೆ ಕಳಿಸಬಹುದು. ಕಂಪನಿ ಬೇಕಾದರೆ ಅದಕ್ಕಿಂತ ಕಮ್ಮಿ ಮಿತಿ ಇಡಬಹುದು, ನನಗೆ ಕಮ್ಮಿನೇ ಇಟ್ಟಿದೆ.

ಶಿರಾ ರೋಡ್: ಮೇಷ್ಟ್ರೇ, ಇಷ್ಟೆಲ್ಲ ಯಾಕೆ? ಆಧಾರ್ ನಂಬರ್ ಹಾಕಿ ಓಟಿಪಿ ಒತ್ತಿದರೆ ಕೆವೈಸಿ ಮುಗೀತು. ನಾನು ಎರಡು ನಿಮಿಷದಲ್ಲಿ ಮಾಡಿದೆ.

ಮಾಲೂರು ಹುಡುಗಿ: ಮಾಡಿದ ಮೇಲೆ ಯಾರಿಗಾದರೂ ಕಳಿಸಿ ನೋಡಿದ್ದೀರಾ? ನಾನೂ ಹಾಗೇ ಒತ್ತಿದ್ದೆ. ಹಸಿರು ಟಿಕ್ ಬಂತು, ಖುಷಿಯಾಯಿತು. ಅಕ್ಕನ ಹೆರಿಗೆ ಖರ್ಚಿಗೆ ಕಳಿಸೋ ದಿನ ನೋಡಿದರೆ ಮತ್ತೆ ಅದೇ ಮಾತು. ಓಟಿಪಿಯಿಂದ ಆದದ್ದು ಅರ್ಧದ್ದೇ. ರಾತ್ರಿ ಹತ್ತೂವರೆಗೆ ಆಸ್ಪತ್ರೆ ಕೌಂಟರ್ ಮುಂದೆ ನಿಂತು ಇದನ್ನ ಕಲಿತೆ.

ಶಿರಾ ರೋಡ್: ನಾನು ದಿನಾ ಕಳಿಸ್ತೀನಿ ಕಣಮ್ಮಾ.

ಮಾಲೂರು ಹುಡುಗಿ: ಅದೇ ಆ್ಯಪ್‌ನಲ್ಲಿ ನಿಮ್ಮ ಬ್ಯಾಂಕ್ ಖಾತೆಯಿಂದ ಯುಪಿಐ ಹೋಗ್ತಿರಬೇಕು. ಅದು ವ್ಯಾಲೆಟ್ ದುಡ್ಡಲ್ಲ. ಕಳಿಸೋವಾಗ ಕೆಳಗೆ ಯಾವ ಖಾತೆ ತೋರಿಸುತ್ತೆ, ನೋಡಿ ಬಂದು ಮಾತಾಡಿ.

ತುಮಕೂರು ಹಳೇ ಏಜೆಂಟ್: ಬಿ.ಎಚ್. ರಸ್ತೆಯಲ್ಲಿ ಅಂಗಡಿ ಇಟ್ಟು ಆರು ವರ್ಷ ವ್ಯಾಲೆಟ್ ತುಂಬಿಸಿದ್ದೀನಿ. ಅಕ್ಕಾ, ಮೊದಲು ಒಂದು ನೋಡಿ. ನಿಮ್ಮದು ಅಂಗಡಿಯಲ್ಲಿ ನಗದು ಕೊಟ್ಟು ತುಂಬಿಸೋ ಥರದ್ದಾ? ಅರ್ಧ ಕೆವೈಸಿಯಲ್ಲೇ ಎರಡು ಬಗೆ ಇದೆ. ನಗದು ತುಂಬಿಸಬಹುದಾದ ಬಗೆಗೆ 24 ತಿಂಗಳ ಗಡುವು. ಅಷ್ಟರೊಳಗೆ ಪೂರ್ತಿ ಮಾಡದಿದ್ದರೆ ಹೊಸದಾಗಿ ದುಡ್ಡು ಒಳಗೆ ಬರಲ್ಲ. ಆದರೆ ಇರೋ ದುಡ್ಡನ್ನ ಅಂಗಡಿಯಲ್ಲಿ ಖರ್ಚು ಮಾಡಬಹುದು. ಅದೇ ನಂಬರ್‌ಗೆ ಆ ಬಗೆಯದ್ದನ್ನ ಮತ್ತೆ ಕೊಡೋದೂ ಇಲ್ಲ. ಬ್ಯಾಂಕ್‌ನಿಂದ ಮಾತ್ರ ತುಂಬಿಸೋ ಬಗೆಗೆ ಈ ಗಡುವಿಲ್ಲ. ಎರಡರಿಂದಲೂ ಇನ್ನೊಬ್ಬರ ಖಾತೆಗೆ ಕಳಿಸೋದು, ನಗದು ತೆಗೆಯೋದು ಇಲ್ಲ, ಸಾಮಾನು ಸೇವೆಗೆ ಮಾತ್ರ.

ಪೂರ್ತಿ ಮಾಡೋಕೆ ಇಷ್ಟ ಇಲ್ಲ ಅಂದರೆ ಮುಚ್ಚಿಸಬಹುದು. ದುಡ್ಡು ಯಾವ ಬ್ಯಾಂಕ್ ಖಾತೆಯಿಂದ ಬಂದಿತ್ತೋ ಅಲ್ಲಿಗೇ ವಾಪಸ್ ಹೋಗುತ್ತೆ. ಬೇರೆ ಖಾತೆಗೆ ಬೇಕಾದರೆ ಕೆವೈಸಿ ಕೊಡಲೇಬೇಕು. ಕಂಪನಿ 30 ದಿನದಲ್ಲಿ ಉತ್ತರ ಕೊಡದಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕ್‌ನ ಓಂಬುಡ್ಸ್‌ಮನ್‌ಗೆ, ಅಂದರೆ ಗಿರಾಕಿಗಳ ದೂರು ವಿಚಾರಿಸೋ ಅಧಿಕಾರಿಗೆ ದೂರು ಹಾಕಿ, ದುಡ್ಡು ಖರ್ಚಾಗಲ್ಲ.

ಕೋಲಾರ ಮಂಡಿ: ನೀವೇ ಹೇಳಿ, ನಿಮ್ಮಂಥ ಅಂಗಡಿಯವರು ಕೆವೈಸಿಗೆ ಅಂತ 200 ರೂಪಾಯಿ ಕಿತ್ಕೊಂಡಿದ್ದು ಯಾವ ನ್ಯಾಯ?

ತುಮಕೂರು ಹಳೇ ಏಜೆಂಟ್: ನಾನು ಒಂದು ರೂಪಾಯಿ ತಗೊಂಡಿಲ್ಲ. ಕೆಲವರು ತಗೊಂಡರು, ಅವರಿಂದಲೇ ನನ್ನ ಅಂಗಡಿಗೆ ಜನ ಬರೋದು ನಿಂತಿತು. ನನ್ನನ್ನ ಆ ಸಾಲಿಗೆ ಸೇರಿಸಬೇಡಿ.

ಕೋಲಾರ ಮಂಡಿ: ನನ್ನ ಹತ್ತಿರ ತಗೊಂಡವನೂ ಹಾಗೇ ಹೇಳಿದ್ದ.

ತಿಪಟೂರು ತೋಟ: ರೀ, ಕೆವೈಸಿ ಮಾಡಿಸಲೇ ಇಲ್ಲ ಅಂದ್ರಲ್ಲ ನೀವು? ಮತ್ತೆ 200 ಯಾವುದಕ್ಕೆ ಕೊಟ್ರಿ?

ಕೋಲಾರ ಮಂಡಿ: ಹೆಂಡತಿ ಫೋನಿಗೆ ಮಾಡಿಸಿದ್ದು. ಅವಳದು ಪೂರ್ತಿ ಆಗಿದೆ. ನನ್ನದು ನನ್ನಿಷ್ಟ.

ಗೌರಿಬಿದನೂರು ಮೇಷ್ಟ್ರು: ಒಂದು ಅನುಮಾನ. ಬುಕ್ ಮಾಡಿದ್ದ ಟಿಕೆಟ್ ರದ್ದಾಗಿ ದುಡ್ಡು ವಾಪಸ್ ಬಂದರೆ ಅರ್ಧದವರ ಮಿತಿ ದಾಟಲ್ವಾ?

ತುಮಕೂರು ಹಳೇ ಏಜೆಂಟ್: ದಾಟಿದರೂ ಬರುತ್ತೆ ಸಾರ್. ವ್ಯಾಲೆಟ್‌ನಿಂದ ಹೋದ ದುಡ್ಡು ರದ್ದಾಗಿ ವಾಪಸ್ ಬಂದರೆ ಮಿತಿ ಮೀರಿದರೂ ಜಮಾ ಮಾಡಬೇಕು ಅಂತ ನಿಯಮ. ಒಬ್ಬ ಗಿರಾಕಿಗೆ 9,600 ಇದ್ದಾಗ 1,850 ವಾಪಸ್ ಬಂದು 11,450 ತೋರಿಸಿತ್ತು. ಹೆದರಿ ಅಂಗಡಿಗೆ ಓಡಿ ಬಂದಿದ್ದ.

ಚಿಂತಾಮಣಿ ಟೈಲರ್: ಎಲ್ಲರಿಗೂ ಥ್ಯಾಂಕ್ಸ್. ಹಳೇ ಮೆಸೇಜ್ ಹುಡುಕಿ ನೋಡಿದೆ. ವ್ಯಾಲೆಟ್ ತೆಗೆದು ಎರಡು ವರ್ಷ ನಾಲ್ಕು ತಿಂಗಳಾಗಿದೆ. ಅದಕ್ಕೇ ಹಾಕೋಕೆ ಬಿಡ್ತಿಲ್ಲ. 9,400ರಲ್ಲಿ 5,400 ನನ್ನ ಬ್ಯಾಂಕ್ ಖಾತೆಯಿಂದ ಹಾಕಿದ್ದು, 4,000 ಅಂಗಡಿಯಲ್ಲಿ ನಗದು ಕೊಟ್ಟಿದ್ದು. ಮುಚ್ಚಿಸಿದರೆ ಆ 4,000 ಎಲ್ಲಿಗೆ ಹೋಗುತ್ತೆ ಅಣ್ಣಾ?

ತುಮಕೂರು ಹಳೇ ಏಜೆಂಟ್: ಅಲ್ಲೇ ತೊಡಕು ಅಕ್ಕಾ. ನಗದಿಗೆ ವಾಪಸ್ ಹೋಗೋಕೆ ಖಾತೆಯೇ ಇಲ್ಲ. ಆ ಭಾಗಕ್ಕೆ ಕೆವೈಸಿ ಕೇಳ್ತಾರೆ. ಹೇಗೂ ಕೇಳ್ತಾರಲ್ಲ, ಪೂರ್ತಿನೇ ಮಾಡಿಸಿ ಮಗನನ್ನ ಸೇರಿಸಿ ಕಳಿಸಿಬಿಡಿ ಅಂತೀನಿ. ನಿಮ್ಮ ಪ್ಯಾನ್, ಆಧಾರ್ ಎರಡರಲ್ಲೂ ಹೆಸರು ಒಂದೇ ಥರ ಇದೆಯಾ?

ಕೋಲಾರ ಮಂಡಿ: ಬೇಡ. 4,000ಕ್ಕೆ ಲೈನಿಂಗ್ ಬಟ್ಟೆ, ದಾರ, ಝಿಪ್ ತಗೊಳ್ಳಿ. ಉಳಿದದ್ದು ತಾನಾಗಿ ಬ್ಯಾಂಕ್‌ಗೆ ಬರುತ್ತೆ.

ಮಾಲೂರು ಹುಡುಗಿ: ಉಳಿದದ್ದು ಬ್ಯಾಂಕಿನದ್ದು, ನಗದಿನದ್ದಲ್ಲ ಅಂತ ಕಂಪನಿ ಒಪ್ಪುತ್ತಾ? ಹಾಗೆ ಯಾರಾದರೂ ಮಾಡಿಸಿದ್ದೀರಾ?

ಚಿಂತಾಮಣಿ ಟೈಲರ್: ಪ್ಯಾನ್‌ನಲ್ಲಿ ಅಪ್ಪನ ಹೆಸರು, ಆಧಾರ್‌ನಲ್ಲಿ ಯಜಮಾನರ ಹೆಸರು ಇದೆ. ಸೋಮವಾರ ಸೇವಾ ಕೇಂದ್ರಕ್ಕೆ ಹೋಗ್ತೀನಿ.