ಸೋಫಾದಲ್ಲಿ ತೂಕಡಿಕೆ, ಮಂಚದಲ್ಲಿ ಎಚ್ಚರ: ನಿದ್ದೆ ಬರದಿದ್ದರೆ ಎದ್ದುಬಿಡಬೇಕಾ?

ಪ್ರಶ್ನೆ – ಶಿಕ್ಷಕಿ, ದಾವಣಗೆರೆ

ಮೇಡಂ, ನನಗೆ 43 ವರ್ಷ. ರಾತ್ರಿ ಊಟ ಮುಗಿಸಿ ಟಿವಿ ಮುಂದೆ ಕೂತರೆ ಸೋಫಾದಲ್ಲೇ ತೂಕಡಿಸುತ್ತೇನೆ. ಎದ್ದು ರೂಮಿಗೆ ಹೋಗಿ ಮಲಗಿದರೆ ಸಾಕು, ನಿದ್ದೆಯೆಲ್ಲ ಹಾರಿಹೋಗುತ್ತದೆ. 9.30ಕ್ಕೆ ಮಲಗಿದರೆ 12.30, 1 ಗಂಟೆವರೆಗೂ ಹೊರಳಾಟ. ತವರಿಗೆ ಹೋದಾಗ ಮಾತ್ರ ನೆಲದ ಮೇಲೆ ಮಲಗಿದರೂ ಒಳ್ಳೆ ನಿದ್ದೆ. ನಿದ್ದೆ ಬರದಿದ್ದರೆ ಹಾಸಿಗೆ ಬಿಟ್ಟು ಏಳಬೇಕು ಅಂತ ಓದಿದೆ. ಎದ್ದರೆ ಬರುವ ನಿದ್ದೆಯೂ ಹೋಗುವುದಿಲ್ಲವಾ?

ಉತ್ತರ – ಕ್ಲಿನಿಕಲ್ ಸೈಕಾಲಜಿಸ್ಟ್, ನಿದ್ದೆಯ ತೊಂದರೆಗಳ ಚಿಕಿತ್ಸೆ

ಸೋಫಾದಲ್ಲಿ ನಿದ್ದೆ, ತವರಿನಲ್ಲಿ ನಿದ್ದೆ, ನಿಮ್ಮ ಮಂಚದಲ್ಲಿ ಮಾತ್ರ ಎಚ್ಚರ. ನಿದ್ದೆ ಬರದಿದ್ದರೆ ಹಾಸಿಗೆ ಬಿಟ್ಟು ಏಳುವ ಚಿಕಿತ್ಸೆ ನಿಮಗೆ ಹೊಂದಬಹುದು ಅನ್ನುವುದಕ್ಕೆ ಇದೇ ದೊಡ್ಡ ಸುಳಿವು. ನಿದ್ದೆ ಮಾಡುವ ಶಕ್ತಿ ನಿಮ್ಮ ದೇಹಕ್ಕೆ ಇದೆ. ಆದರೆ ಎಷ್ಟೋ ರಾತ್ರಿ ಆ ಮಂಚದ ಮೇಲೆ ಎಚ್ಚರವಾಗಿ, ಚಿಂತೆ ಮಾಡುತ್ತಾ ಬಿದ್ದುಕೊಂಡಿದ್ದೀರಿ. ಒಗ್ಗರಣೆ ವಾಸನೆಗೆ ಬಾಯಲ್ಲಿ ನೀರೂರುವ ಹಾಗೆ, ದಿಂಬಿಗೆ ತಲೆ ಕೊಟ್ಟ ಕೂಡಲೇ ಎಚ್ಚರವಾಗುವುದು ಮೈಗೆ ರೂಢಿಯಾಗಿಬಿಟ್ಟಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲಿ ಈ ಚಿಕಿತ್ಸೆಯನ್ನು ಮುಂದಿಟ್ಟದ್ದು ಆ ರೂಢಿಯನ್ನು ಬಿಡಿಸುವುದಕ್ಕೆ.

ನೀವು ಮೊದಲು ಬದಲಿಸಬೇಕಾದದ್ದು 9.30ರ ಮಲಗುವಿಕೆಯನ್ನು. ಶಾಲೆ, ಅಡುಗೆ ಎಲ್ಲ ಮುಗಿಸಿ ಸುಸ್ತಾಗಿರುತ್ತೀರಿ, ನಿಜ. ಆದರೆ ಸುಸ್ತಾದ ಮಾತ್ರಕ್ಕೆ ನಿದ್ದೆ ಬಂದಿದೆ ಅಂತಲ್ಲ. ಓದಿದ ಸಾಲನ್ನೇ ಮತ್ತೆ ಓದುತ್ತಿದ್ದರೆ, ರೆಪ್ಪೆ ಭಾರವಾಗಿ ಕತ್ತು ವಾಲುತ್ತಿದ್ದರೆ ಅದು ನಿದ್ದೆ. ಆಗ ಮಾತ್ರ ರೂಮಿಗೆ ಹೋಗಿ, ಅದು 11.30 ಆದರೂ ಸರಿ. ಹಾಗಂತ ಸಂಜೆಯೇ ಸೋಫಾದಲ್ಲಿ ಒರಗಿ ತೂಕಡಿಸಬೇಡಿ. ರಾತ್ರಿಗೆ ಬೇಕಾದ ನಿದ್ದೆಯಲ್ಲಿ ಒಂದು ಪಾಲು ಅಲ್ಲೇ ಖರ್ಚಾಗುತ್ತದೆ. ಬೆನ್ನು ನೇರ ಇರುವ ಕುರ್ಚಿಯಲ್ಲಿ ಕೂತುಕೊಳ್ಳಿ.

ಮಲಗಿದ ಮೇಲೆ ನಿದ್ದೆ ಬರಲಿಲ್ಲ, ಮನಸ್ಸು ಓಡಲು ಶುರುವಾಯಿತು ಅನ್ನಿಸಿದರೆ ಎದ್ದು ಹಾಲ್‌ಗೆ ಬನ್ನಿ. ಅಲ್ಲಿ ಸಣ್ಣ ದೀಪ, ಶಾಲು, ಮೊದಲೇ ಓದಿರುವ ಒಂದು ಪುಸ್ತಕ ಸಂಜೆಯೇ ಸಿದ್ಧವಾಗಿರಲಿ. ಇಲ್ಲದಿದ್ದರೆ ಬೆಚ್ಚಗಿನ ಹೊದಿಕೆ ಬಿಟ್ಟು ಏಳುವುದಕ್ಕೆ ಮನಸ್ಸೇ ಬರುವುದಿಲ್ಲ. ಬಟ್ಟೆ ಮಡಿಸಬಹುದು, ಹೂ ಕಟ್ಟಬಹುದು. ಯಾವಾಗ ಬೇಕಾದರೂ ಅರ್ಧಕ್ಕೆ ಬಿಡುವಂಥ ಕೆಲಸ ಆಗಿರಬೇಕು, ಅಷ್ಟೇ. ತೂಕಡಿಕೆ ಬಂದ ಕೂಡಲೇ ಮಂಚಕ್ಕೆ ವಾಪಸ್. ಸೋಫಾದಲ್ಲೇ ನಿದ್ದೆ ಹೋದರೆ ರೂಢಿ ಸೋಫಾಕ್ಕೇ ಗಟ್ಟಿಯಾಗುತ್ತದೆ, ಮಂಚಕ್ಕಲ್ಲ. ಮತ್ತೆ ನಿದ್ದೆ ಬರಲಿಲ್ಲವಾ, ಮತ್ತೆ ಏಳಿ. ಮೊದಮೊದಲು ಒಂದೇ ರಾತ್ರಿ ನಾಲ್ಕೈದು ಸಲ ಏಳಬೇಕಾಗಬಹುದು. ಬೆಳಿಗ್ಗೆ ಮಾತ್ರ ಭಾನುವಾರವೂ ಸೇರಿ ದಿನಾ ಒಂದೇ ಹೊತ್ತಿಗೆ ಏಳಬೇಕು, ಮಧ್ಯಾಹ್ನ ಮಲಗಬಾರದು.

ನಿಮ್ಮ ಅನುಮಾನ ಸರಿಯೇ. ಎದ್ದ ರಾತ್ರಿ ಸ್ವಲ್ಪ ನಿದ್ದೆ ಹೋಗುತ್ತದೆ. ಆ ಬಾಕಿ ಮಾರನೇ ರಾತ್ರಿ ನಿದ್ದೆಯ ಒತ್ತಡವನ್ನು ಜಾಸ್ತಿ ಮಾಡುತ್ತದೆ, ಆಗ ಮಲಗಿದ ಕೂಡಲೇ ನಿದ್ದೆ ಹತ್ತುವುದು ಸುಲಭ. ಮೊದಲ ವಾರ ಹಗಲು ಮಂಪರು ಇರುತ್ತದೆ, ಸ್ಕೂಟರ್ ಓಡಿಸುವುದಿದ್ದರೆ ಹುಷಾರು.

ಸದಸ್ಯ – ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಮೇಡಂ ಹೇಳಿದ್ದು ಖರೆ ಐತ್ರಿ, ನನಗೂ ಇದರಿಂದಲೇ ಗುಣ ಆತು. ಆದರೆ ಸರಿಯಾಗಿ 20 ನಿಮಿಷ ಲೆಕ್ಕ ಹಾಕಬೇಕು. ನಾನು ಮೊಬೈಲ್‌ನಲ್ಲಿ ಟೈಮರ್ ಇಟ್ಟು, ಅದು ಹೊಡೆದ ಕೂಡಲೇ ಏಳುತ್ತಿದ್ದೆ.

ಉತ್ತರ – ಸೈಕಾಲಜಿಸ್ಟ್

ಸರ್, ನಿಮಗೆ ಅನುಕೂಲವಾಗಿದ್ದು ಸಂತೋಷ. ಹದಿನೈದಿಪ್ಪತ್ತು ನಿಮಿಷ ಅನ್ನುವುದು ಅಂದಾಜಿಗೆ ಸರಿ. ಟೈಮರ್ ಮಾತ್ರ ಬೇಡ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ‘ಇನ್ನು ಐದೇ ನಿಮಿಷ ಉಳಿದಿದೆ’ ಅಂತ ಕಾಯುವವರಿಗೆ ನಿದ್ದೆ ಹತ್ತಿರ ಬರುವುದಿಲ್ಲ. ಗಡಿಯಾರವನ್ನು ಗೋಡೆ ಕಡೆ ತಿರುಗಿಸಿಡಿ. ‘ತುಂಬಾ ಹೊತ್ತಾಯಿತು’ ಅಂತ ಅನ್ನಿಸಿದ್ದೇ ಸಾಕು.

ಸದಸ್ಯರು – ನಿವೃತ್ತ ಅಧಿಕಾರಿ, ಶಿವಮೊಗ್ಗ

ನನಗೆ 74. ನಿದ್ದೆ ಬರದಿದ್ದರೂ ಕಣ್ಣು ಮುಚ್ಚಿ ಮಲಗಿದರೆ ದೇಹಕ್ಕೆ ವಿಶ್ರಾಂತಿ ಸಿಗುತ್ತದೆ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ನಾನು ಮೂತ್ರಕ್ಕೆ ಎರಡು ಸಲ ಏಳುತ್ತೇನೆ, ಆಮೇಲೆ ಸುಮ್ನೆ ಮಲಗಿರುತ್ತೇನೆ. ನಾನೂ ಹಾಲ್‌ಗೆ ಹೋಗಿ ಕೂರಬೇಕೇ? ಮಂಡಿನೋವಿಗೆ ಕೋಲು ಹಿಡಿದು ನಡೆಯುತ್ತೇನೆ.

ಉತ್ತರ – ಸೈಕಾಲಜಿಸ್ಟ್

ಬೇಡ ಸರ್. ಕತ್ತಲಲ್ಲಿ ಕೋಲು ಹಿಡಿದು ಪದೇ ಪದೇ ಓಡಾಡಿ ಬಿದ್ದರೆ ನಿದ್ದೆ ಕೆಟ್ಟದ್ದಕ್ಕಿಂತ ದೊಡ್ಡ ಕಷ್ಟ. ಸಮಾಧಾನವಾಗಿ ಮಲಗಿರುವುದು ನಿಮಗೆ ತೊಂದರೆ ಕೊಡುತ್ತಿಲ್ಲ ಅಂದರೆ ಹಾಗೇ ಇರಿ. ಹಿರಿಯರ ಮಾತು ಅಂಥವರಿಗೆ ಹೊಂದುತ್ತದೆ. ಮಲಗಿದ್ದಷ್ಟೂ ಚಡಪಡಿಕೆ ಹೆಚ್ಚುವವರಿಗೆ ಹೊಂದುವುದಿಲ್ಲ. ಚಡಪಡಿಕೆ ಆದ ರಾತ್ರಿ ದೀಪ ಹಾಕಿ, ಮಂಚದಲ್ಲೇ ದಿಂಬಿಗೆ ಒರಗಿ ಕೂತು ಸ್ವಲ್ಪ ಓದಿ. ನಿದ್ದೆ ಬಂದಾಗ ದಿಂಬು ಇಳಿಸಿ ಮಲಗಿ. ಹಾಸಿಗೆ ಬಿಡದೆ ಹೀಗೆ ಮಾಡಿದವರಿಗೂ ಉಪಯೋಗವಾಗಿದ್ದನ್ನು 1979ರಲ್ಲೇ ಒಂದು ಅಧ್ಯಯನ ತೋರಿಸಿತ್ತು. ಹಾಗಾದರೆ ಗುಣ ಮಾಡುವುದು ಹಾಸಿಗೆ ಬಿಡುವುದೋ, ಹೊರಳಾಟ ನಿಲ್ಲಿಸುವುದೋ ಅನ್ನುವ ಪ್ರಶ್ನೆ ಈಗಲೂ ಪೂರ್ತಿ ಬಗೆಹರಿದಿಲ್ಲ. ಎರಡು ಸಲ ಮೂತ್ರಕ್ಕೆ ಏಳುವುದನ್ನು ನಿಮ್ಮ ಡಾಕ್ಟರಿಗೆ ಬೇರೆಯಾಗಿ ತೋರಿಸಿ.

ಇನ್ನೂ ಕೆಲವರು ಇದನ್ನು ತಾವಾಗೇ ಶುರು ಮಾಡಬಾರದು. ಫಿಟ್ಸ್ ಇರುವವರಿಗೆ, ಬೈಪೋಲಾರ್ ಕಾಯಿಲೆ ಇರುವವರಿಗೆ ನಿದ್ದೆ ಕಡಿಮೆಯಾಗುವುದೇ ಅಪಾಯ. ಜೋರಾಗಿ ಗೊರಕೆ ಹೊಡೆದು ಉಸಿರುಕಟ್ಟಿ ಏಳುವವರು ಮೊದಲು ಅದನ್ನು ಪರೀಕ್ಷೆ ಮಾಡಿಸಬೇಕು.

ಪ್ರಶ್ನೆ ಕೇಳಿದ ಶಿಕ್ಷಕಿ

ಮೇಡಂ, ಒಂದು ಪೇಚು ಇದೆ. ಹಾಲ್‌ನಲ್ಲಿ ಅತ್ತೆ ಮಲಗುತ್ತಾರೆ. ನಾನು ಎದ್ದು ದೀಪ ಹಾಕಿದರೆ ಗಾಬರಿಯಾಗಿ ‘ಏನಾಯ್ತಮ್ಮಾ’ ಅಂತಾರೆ. ಇನ್ನೊಂದು, ಇದು ಕೆಲಸ ಮಾಡುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ?

ಉತ್ತರ – ಸೈಕಾಲಜಿಸ್ಟ್

ಶುರು ಮಾಡುವ ಮೊದಲೇ ಅತ್ತೆಗೆ ಹೇಳಿಬಿಡಿ: ‘ಕೆಲವು ವಾರ ರಾತ್ರಿ ಎದ್ದು ಕೂರುತ್ತೇನೆ, ಚಿಕಿತ್ಸೆ ಇದು, ಗಾಬರಿ ಆಗಬೇಡಿ.’ ಎಷ್ಟೋ ಮನೆಗಳಲ್ಲಿ ಇದು ಕೈಬಿಟ್ಟುಹೋಗುವುದು ಮನೆಯವರ ಗಾಬರಿಯಿಂದಲೇ. ಕೂರುವುದಕ್ಕೆ ಅಡುಗೆಮನೆ ಆಗುತ್ತದೆ. ಅದೂ ಆಗದಿದ್ದರೆ ರೂಮಿನಲ್ಲೇ ಮಂಚದಿಂದ ದೂರ ಒಂದು ಕುರ್ಚಿ ಹಾಕಿಕೊಳ್ಳಿ.

ಬೆಳಿಗ್ಗೆ ಕಾಫಿ ಕುಡಿಯುತ್ತಾ ಕ್ಯಾಲೆಂಡರ್ ಮೇಲೆ ಅಂದಾಜಿನಲ್ಲಿ ಬರೆಯಿರಿ: ಎಷ್ಟು ಸಲ ಎದ್ದೆ, ನಿದ್ದೆ ಹತ್ತಲು ಎಷ್ಟು ಹೊತ್ತಾಯಿತು. ಮೊದಲು ಇಳಿಯುವುದು ಏಳುವ ಲೆಕ್ಕ. ಒಟ್ಟು ನಿದ್ದೆಯ ಹೊತ್ತು ಆಮೇಲೆ ಹೆಚ್ಚುತ್ತದೆ. ಎರಡರಿಂದ ನಾಲ್ಕು ವಾರ ನೋಡಿ. ಅಷ್ಟಾದರೂ ಬದಲಾಗದಿದ್ದರೆ ಸುಮ್ನೆ ಮುಂದುವರಿಸಬೇಡಿ. ಇದು ಸಿಬಿಟಿ-ಐ ಅನ್ನುವ, ಯೋಚನೆ ಮತ್ತು ಅಭ್ಯಾಸ ಎರಡನ್ನೂ ತಿದ್ದುವ ನಿದ್ರಾಹೀನತೆಯ ಪೂರ್ಣ ಚಿಕಿತ್ಸೆಯ ಒಂದು ಭಾಗ. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2021ರಲ್ಲಿ ಆ ಪೂರ್ಣ ಚಿಕಿತ್ಸೆಗೆ ಬಲವಾದ ಶಿಫಾರಸು ಕೊಟ್ಟಿತು, ಇದೊಂದನ್ನೇ ಮಾಡುವುದಕ್ಕೆ ಅಷ್ಟು ಬಲವಾಗಿ ಹೇಳಲಿಲ್ಲ.

ಸದಸ್ಯ – ವಿದ್ಯಾರ್ಥಿ, ಬೆಂಗಳೂರು

ಮೇಡಂ, ನಾನಿರೋದು ಪಿಜಿಯಲ್ಲಿ. ಮಂಚ ಬಿಟ್ಟರೆ ಕೂರೋಕೆ ಜಾಗವೇ ಇಲ್ಲ. ಓದು, ಊಟ, ಲ್ಯಾಪ್‌ಟಾಪ್ ಎಲ್ಲ ಅದರ ಮೇಲೇ. ನಾನೇನು ಮಾಡಲಿ?

ಉತ್ತರ – ಸೈಕಾಲಜಿಸ್ಟ್

ಹಗಲಿನ ಕೆಲಸವನ್ನು ಮಂಚದಿಂದ ಇಳಿಸುವುದು ನಿಮಗೆ ಮೊದಲ ಹೆಜ್ಜೆ. ಒಂದು ಚಾಪೆ ತಂದು ಗೋಡೆಗೆ ಒರಗಿ ಕೆಳಗೇ ಓದಿ, ಕೆಳಗೇ ಊಟ ಮಾಡಿ. ರಾತ್ರಿ ಎದ್ದಾಗಲೂ ಆ ಚಾಪೆಗೇ ಬನ್ನಿ. ಜೊತೆಯವರಿಗೆ ತೊಂದರೆ ಆಗದಂತೆ ಪುಟ್ಟ ದೀಪ ಇಟ್ಟುಕೊಳ್ಳಿ, ಫೋನ್ ಚಾರ್ಜಿಗೆ ಹಾಕಿ ದೂರ ಇಡಿ. ಚಾಪೆಗೂ ಜಾಗ ಇಲ್ಲದಷ್ಟು ಇಕ್ಕಟ್ಟಾದರೆ, ಹಗಲು ಹಾಸಿಗೆ ಮೇಲೆ ಒಂದು ಜಮಖಾನ ಹಾಸಿ, ಮಲಗುವಾಗ ಮಾತ್ರ ತೆಗೆಯಿರಿ, ಕಾಲ ಕಡೆ ತಲೆ ಮಾಡಿ ಮಲಗಿ ನೋಡಿ. ಈ ಕೊನೆಯ ಉಪಾಯ ಕೆಲವರಿಗೆ ಹಿಡಿಸಿದೆ, ಕೆಲವರಿಗೆ ಏನೂ ಆಗಿಲ್ಲ. ಆಗಲೇಬೇಕು ಅಂತ ನಾನು ಭರವಸೆ ಕೊಡಲಾರೆ.