ಗೋಡೌನಿನಲ್ಲಿ ಯಾವ ಐಟಂ ಪ್ಯಾಕಿಂಗ್ ಟೇಬಲ್ ಹತ್ತಿರ ಇರಬೇಕು?

ಪ್ರಶ್ನೆ (ಗೋಡೌನ್ ಸೂಪರ್‌ವೈಸರ್, ಹುಬ್ಬಳ್ಳಿ): ನಮ್ಮದು ಬೈಕ್ ಬಿಡಿಭಾಗಗಳ ಗೋಡೌನ್. ಸುಮಾರು 900 ಐಟಂ, ಬಿಲ್ ಹಿಡಿದು ಸಾಮಾನು ತೆಗೆಯಲು ನಾಲ್ವರು ಹುಡುಗರು. ಜಾಸ್ತಿ ಮಾರಾಟವಾಗುವ ಎಂಜಿನ್ ಆಯಿಲನ್ನು ಪ್ಯಾಕಿಂಗ್ ಟೇಬಲ್ ಪಕ್ಕಕ್ಕೇ ತಂದಿಟ್ಟೆ. ಆದರೂ ಓಡಾಟ ಕಡಿಮೆಯಾಗಿಲ್ಲ. ಎಲ್ಲಿ ತಪ್ಪಿದ್ದೇನೆ?

ಅಕೌಂಟ್ಸ್ ನೋಡುವವರು: ಎಬಿಸಿ ಪಟ್ಟಿ ಮಾಡಿ ಸರ್. ವರ್ಷದ ಮಾರಾಟದ ಮೊತ್ತ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಮೇಲಿರುವುದನ್ನೆಲ್ಲ ಮುಂದೆ ಇಡಿ.

ಗೋಡೌನ್ ಲೇಔಟ್ ಮಾಡುವವರು: ಪಟ್ಟಿ ಬೇಕು, ಆದರೆ ಮೊತ್ತದ ಪ್ರಕಾರ ಅಲ್ಲ. ಎಷ್ಟು ದುಡ್ಡು ಸ್ಟಾಕಿನಲ್ಲಿ ಕೂತಿದೆ ಎಂದು ನೋಡಲು ಮೊತ್ತ ಸರಿ. ನಡಿಗೆಗೆ ಬೇಕಾದ್ದು ಆ ಐಟಂ ಎಷ್ಟು ಬಿಲ್ಲುಗಳಲ್ಲಿ ಬಂತು ಎನ್ನುವುದು. ಒಂದು ಬಿಲ್ಲಿಗೆ 24 ಬಾಟಲಿ ಹೋದರೂ ಹುಡುಗ ರ‍್ಯಾಕಿಗೆ ಹೋಗುವುದು ಒಂದೇ ಸಲ. ಬಿಲ್ಲಿನ ಸಾಲುಗಳನ್ನು ಎಕ್ಸೆಲ್‌ಗೆ ಇಳಿಸಿ. B ಕಾಲಂನಲ್ಲಿ ಐಟಂ ಕೋಡ್, E ಕಾಲಂನಲ್ಲಿ ಐಟಂ ಪಟ್ಟಿ ಇದ್ದರೆ ಇಷ್ಟು ಸಾಕು:

```
=COUNTIF(B:B,E2)
```

ಆಯಿಲ್ ಮತ್ತು ಇನ್ನೊಂದು ಚಿಕ್ಕ ಐಟಂ ಎಣಿಸಿ ಹೇಳಿ. ಅವು ಎಷ್ಟು ಜಾಗ ಹಿಡಿದಿವೆ ಎಂಬುದನ್ನೂ ಬರೆಯಿರಿ.

ಪ್ರಶ್ನೆ ಕೇಳಿದವರು: ಕಳೆದ ತಿಂಗಳು ಆಯಿಲ್ 600 ಬಾಟಲಿ, ಆದರೆ ಬರೀ 25 ಬಿಲ್! ಅಂಗಡಿಯವರು ಪೆಟ್ಟಿಗೆಗಟ್ಟಲೆ ಒಯ್ಯುತ್ತಾರೆ. ನಾಲ್ಕು ರ‍್ಯಾಕ್ ಹಿಡಿದಿದೆ. ಬ್ರೇಕ್ ಶೂ 210 ಜೊತೆ, 180 ಬಿಲ್. ಅದಕ್ಕೆ ಅರ್ಧ ರ‍್ಯಾಕ್ ಸಾಕು. ಈಗ ಇರುವುದು ಹಿಂದಿನ ಗೋಡೆಗೆ, ಟೇಬಲಿಂದ 40 ಮೀಟರ್.

ಗೋಡೌನ್ ಲೇಔಟ್ ಮಾಡುವವರು: ಬ್ರೇಕ್ ಶೂ 10 ಮೀಟರಿಗೆ ಬಂದರೆ ಹೋಗಿ ಬರಲು 60 ಮೀಟರ್ ಉಳಿಯುತ್ತದೆ. 180 ಸಲಕ್ಕೆ 10,800 ಮೀಟರ್, ಹತ್ತಿರ ಹತ್ತಿರ 11 ಕಿಲೋಮೀಟರ್. ಆಯಿಲ್ ಅಷ್ಟೇ ದೂರ ಹಿಂದೆ ಹೋದರೆ 25 ಸಲಕ್ಕೆ 1,500 ಮೀಟರ್ ಹೆಚ್ಚುತ್ತದೆ, ಅಷ್ಟೇ.

ಜಾಗದ ಲೆಕ್ಕವನ್ನೂ ಸೇರಿಸಿ. ಬಿಲ್ ಸಂಖ್ಯೆಯನ್ನು ರ‍್ಯಾಕ್ ಸಂಖ್ಯೆಯಿಂದ ಭಾಗಿಸಿ. ಬ್ರೇಕ್ ಶೂಗೆ 360 ಬರುತ್ತದೆ, ಆಯಿಲ್‌ಗೆ 6ರ ಆಸುಪಾಸು. ಆಯಿಲ್ ಕೂತ ನಾಲ್ಕು ರ‍್ಯಾಕಿನಲ್ಲಿ ಬ್ರೇಕ್ ಶೂನಂಥ ಎಂಟು ಐಟಂ ಹಿಡಿಯುತ್ತವೆ. ಈ ಸಂಖ್ಯೆಯ ಪ್ರಕಾರ ಪಟ್ಟಿ ಮಾಡಿ.

ಒಂದು ಎಚ್ಚರಿಕೆ. ಮೇಲಿನ 11 ಕಿಲೋಮೀಟರ್, ಪ್ರತಿ ಸಲ ಆ ಒಂದೇ ಐಟಮಿಗೆ ಹೋಗಿ ಬರುವ ಲೆಕ್ಕ. ನಿಮ್ಮ ಹುಡುಗರು ಒಂದೇ ಸುತ್ತಿನಲ್ಲಿ ಐದಾರು ಐಟಂ ತೆಗೆಯುತ್ತಿದ್ದರೆ ಅಷ್ಟು ಉಳಿಯುವುದಿಲ್ಲ. ಅದೇ ಬಿಲ್ಲಿನಲ್ಲಿರುವ ಚೈನ್ ಹಿಂದೆಯೇ ಉಳಿದಿದ್ದರೆ ಬ್ರೇಕ್ ಶೂ ಮುಂದೆ ಬಂದರೂ ಹಿಂದಿನ ಗೋಡೆವರೆಗೆ ಹೋಗಲೇಬೇಕು, ಅಲ್ವಾ? ಅದಕ್ಕೇ ಒಂದೇ ಬಿಲ್ಲಿನಲ್ಲಿ ಜೊತೆಯಾಗಿ ಬರುವುದನ್ನು ಜೊತೆಯಾಗಿಯೇ ಮುಂದೆ ತನ್ನಿ.

ಔಷಧಿ ವಿತರಕರು, ಬೆಂಗಳೂರು: ಎಕ್ಸ್‌ಪೈರಿ ಹತ್ತಿರ ಇರುವುದು ಮುಂದೆ ಇರಬೇಕಲ್ಲವೇ ಮೇಡಂ? ನಮ್ಮಲ್ಲಿ ಹಾಗೆಯೇ. ಇನ್ನೊಂದು, ಓಡುವ ಮಾತ್ರೆಗಳನ್ನೆಲ್ಲ ಮೊದಲ ಸಾಲಿಗೆ ತಂದಾಗ ನಮ್ಮ ಮೂವರು ಹುಡುಗರು ಅಲ್ಲೇ ಸಿಕ್ಕಿಕೊಂಡು ಒಬ್ಬರಿಗೊಬ್ಬರು ಕಾಯುತ್ತಿದ್ದರು. ಒಂದೇ ಥರ ಕಾಣುವ ಸ್ಟ್ರಿಪ್‌ಗಳು ಅಕ್ಕಪಕ್ಕ ಬಂದು ಅದಲು ಬದಲು ಕೂಡ ಆಯಿತು.

ಗೋಡೌನ್ ಲೇಔಟ್ ಮಾಡುವವರು: ಎಕ್ಸ್‌ಪೈರಿ ನೋಡುವುದು ಒಂದೇ ಐಟಮಿನ ಯಾವ ಪೆಟ್ಟಿಗೆ ಮೊದಲು ತೆಗೆಯಬೇಕು ಎನ್ನಲು. ಐಟಂ ಯಾವ ರ‍್ಯಾಕಿನಲ್ಲಿ ಎನ್ನುವುದು ಬೇರೆ ಮಾತು. ಆದರೆ ಸಿಕ್ಕಿಕೊಳ್ಳುವುದು ನಿಜ, ನಾನೇ ಒಂದು ಗೋಡೌನಿನಲ್ಲಿ ಈ ತಪ್ಪು ಮಾಡಿದ್ದೇನೆ. ನಡಿಗೆ ಇಳಿಯಿತು, ಕಾಯುವುದು ಏರಿತು, ಸಂಜೆ ಹೊತ್ತಿಗೆ ಮುಗಿದ ಬಿಲ್ ಮೊದಲಿನಷ್ಟೇ. ಈಗ ಓಡುವ ಐಟಂಗಳನ್ನು ಮೂರ್ನಾಲ್ಕು ಸಾಲುಗಳ ಟೇಬಲ್ ಕಡೆಯ ತುದಿಗೆ ಹಂಚುತ್ತೇನೆ. ಸೊಂಟದಿಂದ ಭುಜದ ಎತ್ತರದ ಅಟ್ಟ ಅವುಗಳಿಗೇ ಮೀಸಲು. ಒಂದೇ ಥರ ಕಾಣುವವು ಬೇರೆ ಬೇರೆ ಸಾಲಿನಲ್ಲಿ.

ಪ್ರಶ್ನೆ ಕೇಳಿದವರು: 900 ಐಟಂ ಎತ್ತಿಡಲು ವಾರ ಬೇಕು ಮೇಡಂ. ಹಳೇ ಹುಡುಗರಿಗೆ ಜಾಗ ಬಾಯಿಪಾಠ.

ಗೋಡೌನ್ ಲೇಔಟ್ ಮಾಡುವವರು: ಎಲ್ಲವನ್ನೂ ಮುಟ್ಟಬೇಡಿ. ಪಟ್ಟಿಯ ಮೇಲಿನ 30 ಐಟಂ ಮಾತ್ರ, ಅದೂ ರಜೆಯ ದಿನ. ಸಾಮಾನು ಎತ್ತಿಟ್ಟ ದಿನವೇ ಕಂಪ್ಯೂಟರಿನಲ್ಲೂ ಜಾಗದ ನಂಬರ್ ಬದಲಿಸಿ. ಅದು ಬಿಟ್ಟುಹೋದರೆ ಹುಡುಗ ಹಳೇ ಜಾಗಕ್ಕೆ ಹೋಗಿ "ಸ್ಟಾಕ್ ಇಲ್ಲ" ಎಂದು ವಾಪಸ್ ಬರುತ್ತಾನೆ. ಮೊದಲ ವಾರ ನಿಧಾನವಾಗುತ್ತದೆ, ಆಗಲೇ ಅಳೆಯಬೇಡಿ. ಮೂರನೇ ವಾರ, ಬದಲಾವಣೆಗೆ ಮುಂಚಿನ ಒಂದು ದಿನದಷ್ಟೇ ಬಿಲ್ ಇರುವ ದಿನ ನೋಡಿ, ಗಂಟೆಗೆ ಎಷ್ಟು ಬಿಲ್ ಸಾಲು ಮುಗಿಯಿತು ಎಂದು ಹೋಲಿಸಿ.

ಅಕೌಂಟ್ಸ್ ನೋಡುವವರು: ಮಳೆಗಾಲದಲ್ಲಿ ಓಡುವ ಐಟಮೇ ಬದಲಾದರೆ?

ಗೋಡೌನ್ ಲೇಔಟ್ ಮಾಡುವವರು: ಮೂರು ತಿಂಗಳಿಗೊಮ್ಮೆ ಎಣಿಸುತ್ತೇನೆ. ಪ್ರತಿ ತಿಂಗಳು ಬದಲಿಸುವವರೂ ಇದ್ದಾರೆ, ನನಗೆ ಅದು ಹಿಡಿಸಿಲ್ಲ. ಎತ್ತಿಡುವ ಕೂಲಿಯೇ ಉಳಿತಾಯವನ್ನು ತಿನ್ನುತ್ತದೆ.

ಪ್ರಶ್ನೆ ಕೇಳಿದವರು: ನಮ್ಮ ಮಾಲೀಕರು ಒಂದೊಂದು ಕಂಪನಿಯ ಸಾಮಾನು ಒಂದೇ ಕಡೆ ಇರಲಿ ಅನ್ನುತ್ತಾರೆ, ಸ್ಟಾಕ್ ಎಣಿಸಲು ಸುಲಭ ಅಂತ. ಆ 30 ಐಟಮಿಗೆ ಆರು ಕಂಪನಿ ಇವೆ. ಭಾನುವಾರ ಬ್ರೇಕ್ ಶೂ, ಚೈನ್ ಎರಡನ್ನೇ ತಂದಿಟ್ಟು ಅವರಿಗೆ ತೋರಿಸುತ್ತೇನೆ.