ಇಂಟರ್‌ವ್ಯೂಗೆ ಕರೆಯೋ ಮೇಲ್ ಹೇಗೆ ಬರೆಯೋದು? ಎಚ್‌ಆರ್ ಮೇಡಂ ಜೊತೆ ಪ್ರಶ್ನೋತ್ತರ (ತುಮಕೂರು ಗುಂಪು)

ಗುಬ್ಬಿಯ ಸದಸ್ಯೆ: ಮೇಡಂ, ನಾನು ವಸಂತನರಸಾಪುರದ ಒಂದು ಯೂನಿಟ್‌ನಲ್ಲಿ ಆಫೀಸ್ ಅಸಿಸ್ಟೆಂಟ್. ಸ್ಟೋರ್ಸ್ ಕೆಲಸಕ್ಕೆ 14 ಮಂದಿಯನ್ನ ಇಂಟರ್‌ವ್ಯೂಗೆ ಕರೆಯಬೇಕು. ಮೇಲ್ ಕೊನೆಗೆ "ಅಂಗವಿಕಲರು ಮುಂಚಿತವಾಗಿ ತಿಳಿಸತಕ್ಕದ್ದು" ಅಂತ ಹಾಕಿದ್ದೇನೆ. ಹೋದ ಸಲವೂ ಹಾಕಿದ್ದೆ, ಒಬ್ಬರೂ ತಿಳಿಸಲಿಲ್ಲ. ಸರಿ ಇದೆಯಾ?

ಎಚ್‌ಆರ್ ಮೇಡಂ: ಆ ಸಾಲು ತೆಗೆದುಬಿಡಿ. "ತಿಳಿಸತಕ್ಕದ್ದು" ಅಂದ್ರೆ ನೋಟಿಸ್ ಕೊಟ್ಟ ಹಾಗಾಯ್ತು. ಹೇಳಿದರೆ ಲಿಸ್ಟ್‌ನಿಂದ ಹೆಸರು ಹೋಗುತ್ತೆ ಅಂತ ಹೆದರಿ ಸುಮ್ನಿರ್ತಾರೆ. ನಮಗೆ ಬೇಕಾಗಿರೋದು ಅವರಿಗೆ ಏನಾಗಿದೆ ಅನ್ನೋದಲ್ಲ, ಆ ದಿನ ಏನು ಅನುಕೂಲ ಬೇಕು ಅನ್ನೋದು.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಅಲ್ಲಿ ಏನು ನಡೆಯುತ್ತೆ ಅಂತ ಗೊತ್ತಿಲ್ಲದೆ ಏನು ಬೇಕು ಅಂತ ಅವರು ಹೇಗೆ ಹೇಳ್ತಾರೆ? ಹಿಂದೆ ನಾನು ಕೆಲಸ ಮಾಡ್ತಿದ್ದ ಕಡೆ "ಬೆಳಗ್ಗೆ 10ಕ್ಕೆ ಬನ್ನಿ" ಅಂತ ಮೇಲ್ ಕಳಿಸಿದ್ದೆ. ಊರುಗೋಲು ಹಿಡಿದ ಒಬ್ಬ ಹುಡುಗ ಬಂದ. ಇಂಟರ್‌ವ್ಯೂ ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಕಂಬಿ ಹಿಡಿದುಕೊಂಡೇ ಹತ್ತಿದ. ಮೇಲೆ ಬರೋ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು, ಕೈ ನಡುಗ್ತಿತ್ತು. ಕೂತ ತಕ್ಷಣ ಸ್ಟಾಕ್ ರಿಜಿಸ್ಟರ್ ಬರೆಯೋ ಪರೀಕ್ಷೆ ಕೊಟ್ಟೆವು. "ಅಕ್ಷರ ಸರಿ ಇಲ್ಲ" ಅಂತ ಸಾಹೇಬರು ಬಿಟ್ಟುಬಿಟ್ಟರು. ಆ ಮೇಲ್ ಬರೆದವಳು ನಾನು. ಲಿಫ್ಟ್ ಇಲ್ಲ ಅಂತ ಒಂದು ಮಾತು ಹಾಕಿದ್ದರೆ ಅವನು ಮೊದಲೇ ಕೇಳ್ತಿದ್ದ, ಕೆಳಗಡೆ ಒಂದು ಮೇಜು ಹಾಕಿಸ್ತಿದ್ದೆ.

ನಿಮ್ಮ ಯೂನಿಟ್‌ನಲ್ಲಿ ಎಲ್ಲಿ, ಏನೇನು ನಡೆಯುತ್ತೆ? ಬರೆಯಿರಿ, ಒಂದು ಮಾದರಿ ಮಾಡಿಕೊಡ್ತೀನಿ.

ತಿಪಟೂರಿನ ಸದಸ್ಯ: ಮೇಡಂ, ನನಗೂ ಕರೆ ಬಂದಿದೆ. 750 ರೂಪಾಯಿ ರಿಜಿಸ್ಟ್ರೇಷನ್ ಫೀಸ್, ಸೇರಿದ ಮೇಲೆ ವಾಪಸ್ ಅಂತೆ. ಕಟ್ಟಲಾ?

ಎಚ್‌ಆರ್ ಮೇಡಂ: ಕಟ್ಟಬೇಡಿ. ಕೆಲಸ ಕೊಡೋರು ದುಡ್ಡು ಕೇಳೋದಿಲ್ಲ.

ಗುಬ್ಬಿಯ ಸದಸ್ಯೆ: ಮೊದಲನೇ ಮಹಡಿ, ಲಿಫ್ಟ್ ಇಲ್ಲ ಮೇಡಂ. 30 ನಿಮಿಷ ಬರೆಯೋ ಪರೀಕ್ಷೆ, ಆಮೇಲೆ 20 ನಿಮಿಷ ಮಾತು. ಪಕ್ಕದಲ್ಲೇ ಕಂಪ್ರೆಸರ್ ಇದೆ. ಬಸ್ಸು ಹೆದ್ದಾರಿಯಲ್ಲಿ ನಿಲ್ಲುತ್ತೆ, ಅಲ್ಲಿಂದ 2 ಕಿಲೋಮೀಟರ್ ಒಳಗೆ. ಎಲ್ಲರನ್ನೂ 10ಕ್ಕೆ ಕರೆಯೋಣ ಅಂದುಕೊಂಡಿದ್ದೆ.

ಎಚ್‌ಆರ್ ಮೇಡಂ: 14 ಮಂದಿಯನ್ನೂ 10ಕ್ಕೆ ಕರೆದರೆ ಕೊನೆಯವರು ಸಂಜೆವರೆಗೆ ಕಾಯಬೇಕು. ಸಕ್ಕರೆ ಕಾಯಿಲೆ ಇರೋರು, ಕೂಸು ಬಿಟ್ಟು ಬಂದೋರು ಏನು ಮಾಡ್ತಾರೆ? ಒಬ್ಬೊಬ್ಬರಿಗೂ ಒಂದು ಸಮಯ ಕೊಡಿ. ಮೇಲ್ ಹೀಗಿರಲಿ:

> ವಿಷಯ: ಸ್ಟೋರ್ಸ್ ಅಸಿಸ್ಟೆಂಟ್ ಇಂಟರ್‌ವ್ಯೂ, ಮಾರ್ಚ್ 12 ಗುರುವಾರ, ಬೆಳಗ್ಗೆ 11.30
>
> ನಿಮ್ಮ ಸಮಯ ಬೆಳಗ್ಗೆ 11.30. ಗೇಟಿಗೆ 11.15ಕ್ಕೆ ಬಂದರೆ ಸಾಕು. 12.30ರ ಒಳಗೆ ಮುಗಿಯುತ್ತದೆ. ಮೊದಲು 30 ನಿಮಿಷ ಬರೆಯುವ ಪರೀಕ್ಷೆ, ನಂತರ ಸುಮಾರು 20 ನಿಮಿಷ ಇಬ್ಬರ ಜೊತೆ ಮಾತು. ಕನ್ನಡದಲ್ಲೇ ಉತ್ತರಿಸಬಹುದು.
>
> ಜಾಗ ಮೊದಲನೇ ಮಹಡಿ, ಲಿಫ್ಟ್ ಇಲ್ಲ. ಕೇಳಿದರೆ ಕೆಳಗಿನ ಕೋಣೆಯಲ್ಲೇ ನಡೆಸುತ್ತೇವೆ. ಹೆದ್ದಾರಿ ಬಸ್ ಸ್ಟಾಪಿನಿಂದ 2 ಕಿ.ಮೀ. ಒಳಗೆ ಬರಬೇಕು. ಮ್ಯಾಪ್ ಲಿಂಕ್ ಕೆಳಗಿದೆ.
>
> ಆಧಾರ್ ಅಥವಾ ಬೇರೆ ಫೋಟೋ ಗುರುತಿನ ಚೀಟಿ, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಕೆಲಸ ಮಾಡಿದ ಅನುಭವ ಇದ್ದರೆ ಅದರ ಪತ್ರ ತನ್ನಿ. ಒರಿಜಿನಲ್ ನೋಡಿ ಅಲ್ಲೇ ವಾಪಸ್ ಕೊಡುತ್ತೇವೆ. ಒಂದು ಸೆಟ್ ಜೆರಾಕ್ಸ್ ನಮಗೆ ಬೇಕು.
>
> ಓಡಾಟ, ಕೇಳುವುದು, ನೋಡುವುದು, ಬರೆಯುವುದು, ಅಥವಾ ಬೇರೆ ಯಾವುದಕ್ಕಾದರೂ ಅನುಕೂಲ ಬೇಕಿದ್ದರೆ ಸೋಮವಾರ ಸಂಜೆ 5ರ ಒಳಗೆ ಈ ಮೇಲ್‌ಗೆ ಉತ್ತರಿಸಿ, ಇಲ್ಲವೇ ಕೆಳಗಿನ ನಂಬರಿಗೆ ಫೋನ್ ಅಥವಾ ಮೆಸೇಜ್ ಮಾಡಿ. ಏನು ಬೇಕು ಅಂತ ಹೇಳಿದರೆ ಸಾಕು, ಸರ್ಟಿಫಿಕೇಟ್ ಬೇಡ. ಇದರಿಂದ ಆಯ್ಕೆಗೆ ತೊಂದರೆ ಆಗುವುದಿಲ್ಲ.

ಮೆಸೇಜ್ ಅಂತ ಹಾಕಿದ್ದು ಬೇಕಂತಲೇ. ಕಿವಿ ಕೇಳದವರಿಗೆ ಬರೀ ಫೋನ್ ನಂಬರ್ ಕೊಟ್ಟರೆ ಏನು ಪ್ರಯೋಜನ? ಮೇಲ್ ಒಬ್ಬೊಬ್ಬರಿಗೂ ಬೇರೆ ಬೇರೆ ಕಳಿಸಿ. ಒಟ್ಟಿಗೆ ಹಾಕಿದರೆ ಎಲ್ಲರ ವಿಳಾಸ ಎಲ್ಲರಿಗೂ ಕಾಣುತ್ತೆ. ಯಾರೋ ಒಬ್ಬರು ಎಲ್ಲರಿಗೂ ಹೋಗೋ ಹಾಗೆ ಉತ್ತರ ಒತ್ತಿದರೆ ಅವರ ಕಷ್ಟ ಉಳಿದ 13 ಮಂದಿ ಓದ್ತಾರೆ.

ಕುಣಿಗಲ್‌ನ ಸದಸ್ಯ: ನನಗೆ ದೃಷ್ಟಿ ತುಂಬ ಕಮ್ಮಿ. ಫೋನ್‌ನಲ್ಲಿ ಟಾಕ್‌ಬ್ಯಾಕ್ ಹಾಕಿ ಕೇಳಿಸ್ಕೋತೀನಿ. ಒಂದು ಕಂಪನಿಯವರು ಲೆಟರ್‌ಹೆಡ್‌ನಲ್ಲಿ ಪ್ರಿಂಟ್ ತೆಗೆದು, ಸೀಲ್ ಹಾಕಿ, ಫೋಟೋ ಹೊಡೆದು ಕಳಿಸಿದ್ದರು. ಫೋನ್ "ಚಿತ್ರ" ಅಂತ ಮಾತ್ರ ಓದಿತು. ತಂಗಿ ಕಾಲೇಜಿನಿಂದ ಬಂದು ಓದಿದಾಗ ಗೊತ್ತಾಯ್ತು, ಅನುಕೂಲ ಬೇಕಾದರೆ ತಿಳಿಸಿ ಅನ್ನೋ ಸಾಲೂ ಅದರಲ್ಲೇ ಇತ್ತು. ತಿಳಿಸೋ ದಿನ ಹಿಂದಿನ ದಿನವೇ ಮುಗಿದಿತ್ತು.

ಎಚ್‌ಆರ್ ಮೇಡಂ: ಗುಬ್ಬಿಯವರೇ, ಇದನ್ನ ಎರಡು ಸಲ ಓದಿ. ನಾನು ಹೇಳೋದು ಮರೆತಿದ್ದೆ. ಮೇಲ್‌ನಲ್ಲೇ ಟೈಪ್ ಮಾಡಿ. ಸೀಲ್ ಇರೋ ಪತ್ರ ಬೇಕೇ ಬೇಕು ಅಂದರೆ ಜೊತೆಗೆ ಸೇರಿಸಿ, ಅದೊಂದನ್ನೇ ಕಳಿಸಬೇಡಿ.

ಅಂತರಸನಹಳ್ಳಿಯ ಯೂನಿಟ್ ಮಾಲೀಕರು: ಇದೆಲ್ಲ ಸರ್ಕಾರಿ ಆಫೀಸಿಗೆ. 4% ಮೀಸಲಾತಿ ಅವರಿಗೇ ಇರೋದು. ಖಾಸಗಿಯವರಿಗೆ ಕಾನೂನಿಲ್ಲ. ಸುಮ್ನೆ ಇಲ್ಲದ ಜವಾಬ್ದಾರಿ ತಲೆ ಮೇಲೆ ಹಾಕ್ತೀರಿ.

ಎಚ್‌ಆರ್ ಮೇಡಂ: 4% ಸರ್ಕಾರಕ್ಕೆ ಅನ್ನೋದು ಸರಿ. ಕಾನೂನಿಲ್ಲ ಅನ್ನೋದು ತಪ್ಪು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಖಾಸಗಿಯವರೂ ಸಮಾನ ಅವಕಾಶದ ನೀತಿ ಬರೆದು ಪ್ರಕಟಿಸಬೇಕು. 20 ಜನ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಆಯ್ಕೆ ಹೇಗೆ ಮಾಡ್ತೀರಿ ಅನ್ನೋದೂ ಅದರಲ್ಲಿರಬೇಕು. ನಿಮ್ಮಲ್ಲಿ ಎಷ್ಟು ಜನ ಇದ್ದಾರೆ ಸರ್?

ಮಾಲೀಕರು: ಅದು ಬೇರೆ ವಿಷಯ. ಮೆಷಿನ್ ಹತ್ತಿರ ಏನಾದರೂ ಆದರೆ ಯಾರು ಹೊಣೆ?

ಕುಣಿಗಲ್‌ನ ಸದಸ್ಯ: ಸ್ಟೋರ್ಸ್ ಕೆಲಸ ಸಾರ್. ಮೆಷಿನ್ ಎಲ್ಲಿಂದ ಬಂತು?

ಮಾಲೀಕರು: ಯೂನಿಟ್ ನಡೆಸಿ ನೋಡಿ, ಆಮೇಲೆ ಮಾತಾಡಿ.

ಕುಣಿಗಲ್‌ನ ಸದಸ್ಯ: ಕೆಲಸ ಹುಡುಕಿ ನೋಡಿ ನೀವು.

ಶಿರಾದ ಸದಸ್ಯ: ಜಗಳ ಬಿಡಿ ಇಬ್ಬರೂ. ಒಳ್ಳೇ ಮಾದರಿ ಪತ್ರ ಫಾರ್ವರ್ಡ್ ಬಂದಿದೆ, ಹಾಕ್ತಿದ್ದೀನಿ: "ಒರಿಜಿನಲ್ ದಾಖಲೆಗಳನ್ನು ಆಫೀಸಿನಲ್ಲಿ ಒಪ್ಪಿಸುವುದು. ಹಳೇ ಕಂಪನಿಯ ರಿಲೀವಿಂಗ್ ಲೆಟರ್ ಕಡ್ಡಾಯ. ವಿಕಲಚೇತನರು ವೈದ್ಯಕೀಯ ಸರ್ಟಿಫಿಕೇಟ್ ಲಗತ್ತಿಸುವುದು."

ಎಚ್‌ಆರ್ ಮೇಡಂ: ದಯವಿಟ್ಟು ಇದನ್ನ ಅಳಿಸಿ. ಇದೇ ಫಾರ್ವರ್ಡ್ ಈ ಗುಂಪಿಗೆ ಮೂರನೇ ಸಲ ಬರ್ತಿದೆ. ಈಗ ಕೆಲಸದಲ್ಲಿರೋನು ರಿಲೀವಿಂಗ್ ಲೆಟರ್ ಎಲ್ಲಿಂದ ತರ್ತಾನೆ? ರಾಜೀನಾಮೆ ಕೊಟ್ಟು ಇಂಟರ್‌ವ್ಯೂಗೆ ಬರಬೇಕಾ? ಅಂಥವರಿಂದ ಮೂರು ತಿಂಗಳ ಸಂಬಳದ ಸ್ಲಿಪ್ ಕೇಳಿ, ಸಾಕು. ಒರಿಜಿನಲ್ ಇಟ್ಟುಕೊಂಡರೆ ಆ ಮಕ್ಕಳು ಬೇರೆ ಕಡೆ ಹೋಗೋಕೂ ಆಗಲ್ಲ. ಓದದೆ ಫಾರ್ವರ್ಡ್ ಮಾಡಬೇಡಿ.

ಶಿರಾದ ಸದಸ್ಯ: ಒಳ್ಳೇದಕ್ಕೆ ಹಾಕಿದೆ. ಇಷ್ಟು ಸಿಟ್ಟು ಯಾಕೆ?

ಕೊರಟಗೆರೆಯ ಸದಸ್ಯೆ: ಮೇಡಂ, ನನ್ನ ಮಗನಿಗೆ ಯುಡಿಐಡಿ ಕಾರ್ಡ್ ಎಲ್ಲಿ ಮಾಡಿಸಬೇಕು?

ಮಧುಗಿರಿಯ ಸದಸ್ಯ: ಬಂದು ಹೋಗೋ ಖರ್ಚು ಕಂಪನಿ ಕೊಡಬೇಕಾ?

ತಿಪಟೂರಿನ ಇನ್ನೊಬ್ಬ ಸದಸ್ಯ: ಫೀಸ್ 500 ಕೇಳ್ತಿದ್ದಾರೆ, ಇದು ನಿಜಾನಾ?

ಎಚ್‌ಆರ್ ಮೇಡಂ: ಮೇಲೆ ಓದಿ.

ಗುಬ್ಬಿಯ ಸದಸ್ಯೆ: ಮೇಡಂ, ಕಳಿಸಿದೆ. "ಲಿಫ್ಟ್ ಇಲ್ಲ" ಅನ್ನೋದನ್ನ ತೆಗಿ, ಮರ್ಯಾದೆ ಹೋಗುತ್ತೆ ಅಂದರು ನಮ್ಮ ಸಾಹೇಬರು. ಕೆಳಗಿನ ಕೋಣೆ ಇದೆ ಅಂತ ಬರೆದಿದ್ದೇವಲ್ಲ ಅಂತ ಹೇಳಿ ಉಳಿಸಿಕೊಂಡೆ. ಈಗ ಒಬ್ಬ ಹುಡುಗಿ ಮೆಸೇಜ್ ಮಾಡಿದ್ದಾಳೆ: "ಎಡಗಿವಿ ಕೇಳಲ್ಲ. ಗದ್ದಲ ಇದ್ದರೆ ಬಲಗಿವಿಗೂ ಕಷ್ಟ." ಏನು ಉತ್ತರ ಕೊಡಲಿ?

ಎಚ್‌ಆರ್ ಮೇಡಂ: ಇವತ್ತೇ ಉತ್ತರ ಕೊಡಿ, ಮೆಸೇಜ್‌ನಲ್ಲೇ. "ಕಂಪ್ರೆಸರ್‌ನಿಂದ ದೂರದ ಕೋಣೆ ಕೊಡ್ತೀವಿ, ಇಬ್ಬರೂ ನಿಮ್ಮ ಬಲಗಡೆ ಕೂರ್ತಾರೆ, ಪ್ರಶ್ನೆಗಳನ್ನ ಬರೆದೂ ಕೊಡ್ತೀವಿ, ಇನ್ನೇನಾದರೂ ಬೇಕಾ?" ಅಂತ ಕೇಳಿ. ಸಾಹೇಬರಿಗೆ ಎಲ್ಲಿ ಕೂರಬೇಕು, ಹೇಗೆ ಮಾತಾಡಬೇಕು ಅಂತ ಮಾತ್ರ ಹೇಳಿ: ಒಬ್ಬರಾದ ಮೇಲೆ ಒಬ್ಬರು, ಮುಖ ಅವಳ ಕಡೆ ಇಟ್ಟು, ಬಾಯಿಗೆ ಕೈ ಅಡ್ಡ ಇಡದೆ. ಬುಧವಾರ ಸಂಜೆ ಆ ಕೋಣೆಯಲ್ಲಿ ನೀವೇ ಐದು ನಿಮಿಷ ಕೂತು ನೋಡಿ. ಫ್ಯಾನ್ ಸದ್ದು ಜಾಸ್ತಿ ಇದ್ದರೆ ಕೋಣೆ ಬದಲಾಯಿಸಿ.

ಮಾಲೀಕರು: ಒಬ್ಬಳಿಗೋಸ್ಕರ ಇಷ್ಟೆಲ್ಲ?

ಎಚ್‌ಆರ್ ಮೇಡಂ: ಹೌದು.